ಮನೆ ಲೆಕ್ಕ: ಕೆಲಸ ಬಿಟ್ಟಾಗ ಬರುವ ಕೊನೆಯ ಚೀಟಿ



ನಮ್ಮ ಸಮಾಜದಲ್ಲಿ ಹಿಂದೆ ಹೊಲ ಇಲ್ಲವೆ ಅಂಗಡಿ, ಇವೆರಡೇ ಹೆಚ್ಚಾಗಿದ್ದವು. ಈಗ ಸೊಲ್ಲಾಪುರ, ಅಕ್ಕಲಕೋಟ, ಜತ್ತ ಕಡೆಯ ಪ್ರತಿ ಎರಡನೆಯ ಮನೆಯಿಂದ ಒಬ್ಬರಾದರೂ ಪುಣೆಯಲ್ಲೋ, ಬೆಂಗಳೂರಿನಲ್ಲೋ, ಹೊಸೂರಿನಲ್ಲೋ ಸಂಬಳದ ನೌಕರಿಯಲ್ಲಿದ್ದಾರೆ. ಎರಡು ಮೂರು ವರ್ಷಕ್ಕೊಮ್ಮೆ ಕಂಪನಿ ಬದಲಾಯಿಸುವುದೂ ರೂಢಿಯಾಗಿದೆ. ಅಂಗಡಿಯ ಜಮಾ-ಖರ್ಚು ಬಲ್ಲ ತಂದೆಗೆ ಮಗಳ ಕಂಪನಿ ಕಳಿಸಿದ ಕೊನೆಯ ಲೆಕ್ಕದ ಚೀಟಿ ಅರ್ಥವಾಗುವುದಿಲ್ಲ. ಮಗಳಿಗೆ ಅದನ್ನು ನೋಡುವಷ್ಟು ಪುರುಸೊತ್ತು ಇರುವುದಿಲ್ಲ. ಈ ಸಲ ಆ ಒಂದು ಚೀಟಿಯ ವಿಷಯವನ್ನೇ ಬರೆಯುತ್ತೇನೆ. ಅದರಲ್ಲಿಯೂ ರಜೆಯ ಹಣದ ಸಾಲನ್ನು ವಿಸ್ತಾರವಾಗಿ ನೋಡೋಣ. ಹೆಚ್ಚಿನ ತಪ್ಪುಗಳು ಅಡಗುವುದು ಅಲ್ಲಿಯೇ.

ಕಳೆದ ಮಹಾವೀರ ಜಯಂತಿಗೆ, ಅಂದರೆ 2026ರ ಮಾರ್ಚ್ ಕೊನೆಗೆ, ನನ್ನ ತಂಗಿಯ ಮಗಳು ಪುಣೆಯಿಂದ ಊರಿಗೆ ಬಂದಿದ್ದಳು. ಅಲ್ಲಿ ಒಂದು ಖಾಸಗಿ ಕಂಪನಿಯ ಕಚೇರಿಯಲ್ಲಿ ಲೆಕ್ಕಪತ್ರ ವಿಭಾಗದ ಸಹಾಯಕಿಯಾಗಿದ್ದವಳು ಫೆಬ್ರುವರಿಯಲ್ಲಿ ಅದನ್ನು ಬಿಟ್ಟು ಬೇರೆ ಕಡೆ ಸೇರಿದ್ದಾಳೆ. ಬಸದಿಯಿಂದ ಬಂದು ಊಟ ಮುಗಿದ ಮೇಲೆ ಒಂದು ಹಾಳೆ ನನ್ನ ಮುಂದೆ ಇಟ್ಟಳು.

“ಮಾಮಾ, ಇದು ಸರಿ ಐತೇನು ನೋಡ್ರಿ. ಸಹಿ ಮಾಡಿ ಕಳಸು ಅಂದಾರ. ಹದಿನಾರು ಸಾವಿರ ಬರತೈತಂತ. ನಾನು ಇನ್ನಾ ಜಾಸ್ತಿ ತಿಳಕೊಂಡಿದ್ದೆ.”

“ಎಷ್ಟು ಬರಬೇಕಂತ ನೀ ಲೆಕ್ಕ ಹಾಕಿದ್ಯೇನವಾ?”

“ಇಲ್ರಿ. ಲೆಕ್ಕ ಅವರೇ ಮಾಡ್ತಾರಲ್ರಿ.”

ಲೆಕ್ಕಪತ್ರ ವಿಭಾಗದಲ್ಲಿ ಕೆಲಸ ಮಾಡಿದವಳೇ ತನ್ನ ಲೆಕ್ಕ ಹಾಕಿಕೊಂಡಿರಲಿಲ್ಲ. ಅವಳನ್ನು ಹಳಿದು ಫಲವಿಲ್ಲ. ನಾನೂ ಒಂದು ಗಿರಣಿಯ ಸಂಬಳ ವಿಭಾಗದಲ್ಲಿ ವರ್ಷಗಟ್ಟಲೆ ಕೂತವನು. ನೂರು ಜನರ ಲೆಕ್ಕ ಮಾಡುವವರು ತಮ್ಮದನ್ನು ನೋಡಿಕೊಳ್ಳುವುದಿಲ್ಲ ಎಂಬುದನ್ನು ಬಲ್ಲೆ.

ಆ ಹಾಳೆಯಲ್ಲಿ ಇದ್ದದ್ದು ಇಷ್ಟು. ಕೊಡಬೇಕಾದ ಕಡೆ ಎರಡು ಸಾಲು: ಫೆಬ್ರುವರಿಯ 20 ದಿನದ ಸಂಬಳ 30,000 ರೂಪಾಯಿ, 27 ದಿನದ ರಜೆಯ ಹಣ 23,400 ರೂಪಾಯಿ. ಒಟ್ಟು 53,400. ಕಡಿಯುವ ಕಡೆ ಮೂರು ಸಾಲು: ನೋಟಿಸಿನ ಬಾಕಿ 25 ದಿನಕ್ಕೆ 35,000 ರೂಪಾಯಿ, ಭವಿಷ್ಯ ನಿಧಿ 1,800, ವೃತ್ತಿ ತೆರಿಗೆ 300. ಒಟ್ಟು 37,100. ಕೈಗೆ ಬರುವುದು 16,300 ರೂಪಾಯಿ. ಕೆಳಗೆ, ‘ನನಗೆ ಬರಬೇಕಾದುದೆಲ್ಲ ಬಂದಿದೆ, ಮುಂದೆ ಯಾವ ಬೇಡಿಕೆಯೂ ಇಲ್ಲ’ ಎಂಬ ಅರ್ಥದ ಇಂಗ್ಲಿಷ್ ವಾಕ್ಯ ಮತ್ತು ಸಹಿಗೆ ಜಾಗ.

ಇಂಥ ಹಾಳೆ ಕೈಗೆ ಬಂದಾಗ ಕೂಡಿಸುವುದು ಕಳೆಯುವುದನ್ನು ಪರೀಕ್ಷಿಸಿ ಸುಮ್ಮನಾಗುವವರೇ ಬಹಳ. ಕೂಡಿಸುವುದು ಯಾವಾಗಲೂ ಸರಿಯಾಗಿಯೇ ಇರುತ್ತದೆ, ಏಕೆಂದರೆ ಅದನ್ನು ಯಂತ್ರ ಮಾಡುತ್ತದೆ. ತಪ್ಪು ಇರುವುದು ಯಂತ್ರಕ್ಕೆ ಕೊಟ್ಟ ಅಂಕಿಗಳಲ್ಲಿ. ಪ್ರತಿ ಸಾಲಿನಲ್ಲಿಯೂ ಮೂರು ಅಂಕಿಗಳಿರುತ್ತವೆ: ಎಷ್ಟು ದಿನ, ಯಾವ ಸಂಬಳದ ಮೇಲೆ, ಎಷ್ಟರಿಂದ ಭಾಗಿಸಿದ್ದು. ಈ ಮೂರನ್ನೂ ಬಿಡಿಸಿ ನೋಡಬೇಕು. ಹಾಳೆಯಲ್ಲಿ ಅವನ್ನು ಬರೆದಿರದಿದ್ದರೆ ನಾವೇ ಹಿಮ್ಮುಖವಾಗಿ ಲೆಕ್ಕ ಹಾಕಿ ಹೊರಗೆಳೆಯಬೇಕು.

ಅದಕ್ಕೆ ನಾಲ್ಕು ಕಾಗದ ಬೇಕು ಎಂದು ಹೇಳಿದೆ: ಕೆಲಸಕ್ಕೆ ಸೇರುವಾಗ ಕೊಟ್ಟ ನೇಮಕಾತಿ ಪತ್ರ, ಕಂಪನಿಯ ರಜೆಯ ನಿಯಮಗಳು, ರಜೆ ಮತ್ತು ಹಾಜರಿಯ ದಾಖಲೆ, ರಾಜೀನಾಮೆ ಕಳಿಸಿದ ಈ-ಮೇಲ್. ಪುಣ್ಯಕ್ಕೆ ಹುಡುಗಿ ಕೆಲಸ ಬಿಡುವ ಮೊದಲೇ ಇವನ್ನೆಲ್ಲ ತನ್ನ ಬಳಿ ಇಳಿಸಿಕೊಂಡಿದ್ದಳು. ಇದನ್ನು ಎಲ್ಲರೂ ನೆನಪಿಡಬೇಕು. ಕೊನೆಯ ದಿನ ಸಂಜೆ ಕಂಪನಿಯ ಕಂಪ್ಯೂಟರಿನ ಬಾಗಿಲು ಮುಚ್ಚಿತೆಂದರೆ ನಿಮ್ಮ ರಜೆಯ ದಾಖಲೆ ನಿಮಗೇ ಕಾಣುವುದಿಲ್ಲ.

ಅವಳ ತಿಂಗಳ ಸಂಬಳ 42,000 ರೂಪಾಯಿ. ಅದರಲ್ಲಿ ಮೂಲ ವೇತನ 26,000, ಮನೆ ಬಾಡಿಗೆ ಭತ್ಯೆ 10,400, ಪ್ರಯಾಣ ಭತ್ಯೆ 5,600. ಈಗ ಒಂದೊಂದೇ ಸಾಲು ನೋಡೋಣ.

ಮೊದಲು ಸುಲಭದ ಸಾಲುಗಳು. ಫೆಬ್ರುವರಿ 20 ಅವಳ ಕೊನೆಯ ದಿನ. ತಿಂಗಳಿಗೆ 28 ದಿನ. 42,000ವನ್ನು 28ರಿಂದ ಭಾಗಿಸಿದರೆ ದಿನಕ್ಕೆ 1,500, ಇಪ್ಪತ್ತು ದಿನಕ್ಕೆ 30,000. ಆ ಕಂಪನಿಯಲ್ಲಿ ಸಂಬಳವಿಲ್ಲದ ರಜೆ ಹಾಕಿದರೆ ಆಯಾ ತಿಂಗಳ ದಿನಗಳಿಂದಲೇ ಭಾಗಿಸುತ್ತಿದ್ದರೆಂದು ಹಳೆಯ ಸಂಬಳದ ಚೀಟಿಗಳಿಂದ ತಿಳಿಯಿತು. ಆದ್ದರಿಂದ ಇದು ಸರಿ. ಭವಿಷ್ಯ ನಿಧಿಯನ್ನು ಆ ಕಂಪನಿ 15,000 ರೂಪಾಯಿಯ ಮಿತಿಗೆ ಶೇಕಡಾ 12ರಂತೆ ಕಡಿಯುತ್ತದೆ; 1,800 ಸರಿ.

ವೃತ್ತಿ ತೆರಿಗೆ 300 ಎಂದು ನೋಡಿ ಅವಳಪ್ಪ, “ಪ್ರತಿ ತಿಂಗಳ ಎರಡ ನೂರು, ಇಲ್ಲಿ ಮುನ್ನೂರು ಯಾಕ?” ಎಂದರು. ಮಹಾರಾಷ್ಟ್ರದಲ್ಲಿ ಈ ಸಂಬಳಕ್ಕೆ ವರ್ಷಕ್ಕೆ 2,500 ರೂಪಾಯಿ ವೃತ್ತಿ ತೆರಿಗೆ. ಹನ್ನೊಂದು ತಿಂಗಳು 200ರಂತೆ ಕಡಿದು ಫೆಬ್ರುವರಿಯಲ್ಲಿ 300 ಕಡಿಯುತ್ತಾರೆ. ಇದೂ ಸರಿ.

ಗ್ರಾಚ್ಯುಟಿ ಇಲ್ಲವೇಕೆ ಎಂದೂ ಕೇಳಿದರು. ಅವಳು ಸೇರಿದ್ದು 2022ರ ಜುಲೈ 1ರಂದು. ಕಾಯಂ ನೌಕರರಿಗೆ ರಾಜೀನಾಮೆ ಕೊಟ್ಟಾಗ ಗ್ರಾಚ್ಯುಟಿ ಸಿಗಬೇಕಾದರೆ ಐದು ವರ್ಷದ ಸತತ ಸೇವೆ ಬೇಕು. ಇವಳದು ನಾಲ್ಕು ವರ್ಷವೂ ಆಗಿಲ್ಲ. ಹಾಗಾಗಿ ಆ ಸಾಲು ಇಲ್ಲದಿರುವುದು ತಪ್ಪಲ್ಲ.

ಇನ್ನು ರಜೆಯ ಸಾಲು.

ಕೆಲಸ ಬಿಟ್ಟಾಗ ಹಣವಾಗಿ ಬದಲಾಗುವುದು ಸಾಮಾನ್ಯವಾಗಿ ಗಳಿಕೆ ರಜೆ ಮಾತ್ರ, ಅಂದರೆ ದುಡಿದು ಸಂಪಾದಿಸಿದ ರಜೆ. ಸಾಂದರ್ಭಿಕ ರಜೆಗೂ ಕಾಯಿಲೆಯ ರಜೆಗೂ, ಕಂಪನಿಯ ನಿಯಮ ಬೇರೆ ಹೇಳದ ಹೊರತು, ಹಣ ಸಿಗುವುದಿಲ್ಲ. ಹಲವರು ಎಲ್ಲ ರಜೆಗಳನ್ನೂ ಕೂಡಿಸಿಕೊಂಡು ಕಂಪನಿ ಮೋಸ ಮಾಡಿತೆಂದು ಕೂಗಾಡುತ್ತಾರೆ. ಆದ್ದರಿಂದ ಗಳಿಕೆ ರಜೆಯನ್ನಷ್ಟೇ ಬೇರೆ ತೆಗೆದು ಎಣಿಸಬೇಕು.

ಆ ಕಂಪನಿಯ ನಿಯಮದಂತೆ ವರ್ಷಕ್ಕೆ 18 ದಿನ ಗಳಿಕೆ ರಜೆ, ಅಂದರೆ ತಿಂಗಳಿಗೆ ಒಂದೂವರೆ ದಿನ. ಒಂದು ತಿಂಗಳಲ್ಲಿ 15 ದಿನಕ್ಕಿಂತ ಹೆಚ್ಚು ಸೇವೆಯಲ್ಲಿದ್ದರೆ ಆ ತಿಂಗಳ ಒಂದೂವರೆ ದಿನ ಪೂರ್ತಿ ಸಿಗುತ್ತದೆ. ಹೆಚ್ಚೆಂದರೆ 45 ದಿನ ಕೂಡಿಡಬಹುದು.

ರಜೆಯ ದಾಖಲೆಯನ್ನು ನಮ್ಮ ಅಂಗಡಿಯ ಖಾತೆಯಂತೆ ಬರೆದೆವು. 2025ರ ಜನವರಿ 1ರಂದು ಹಿಂದಿನ ಬಾಕಿ 22 ದಿನ. ಆ ವರ್ಷದ ಜಮಾ 18. ಕಂಪನಿ ತೋರಿಸಿದ ಖರ್ಚು 13. ಉಳಿದದ್ದು 27. ಈ 27ಕ್ಕೇ ಹಣ ಕಟ್ಟಿದ್ದರು.

“2026ರ ಜನವರಿ, ಫೆಬ್ರುವರಿ ಎಲ್ಲಿ?” ಎಂದೆ. ಹುಡುಗಿ ಹಾಳೆ ತಿರುಗಿಸಿ ನೋಡಿದಳು. ಇರಲಿಲ್ಲ. ಬಹಳ ಕಂಪನಿಗಳಲ್ಲಿ ರಜೆಯನ್ನು ವರ್ಷದ ಕೊನೆಗೆ ಒಮ್ಮೆ ಜಮಾ ಮಾಡುತ್ತಾರೆ. ವರ್ಷದ ನಡುವೆ ಬಿಟ್ಟವರ ಖಾತೆಗೆ ಆ ವರ್ಷದ ಪಾಲು ಏರುವುದೇ ಇಲ್ಲ. ಯಾರಾದರೂ ಕೈಯಿಂದ ಏರಿಸಬೇಕು. ಇವಳು ಜನವರಿ ಪೂರ್ತಿ, ಫೆಬ್ರುವರಿಯಲ್ಲಿ 20 ದಿನ ಸೇವೆಯಲ್ಲಿದ್ದಳು. ನಿಯಮದಂತೆ ಒಂದೂವರೆ, ಒಂದೂವರೆ, ಒಟ್ಟು 3 ದಿನ ಬರಬೇಕು. ಈ ಎರಡು ತಿಂಗಳಲ್ಲಿ ಒಂದು ರಜೆಯನ್ನೂ ತೆಗೆದುಕೊಂಡಿರಲಿಲ್ಲ. ಇದು ಮೊದಲನೆಯ ತಪ್ಪು. ಯಾರೇ ಆಗಲಿ, ಬಿಟ್ಟ ವರ್ಷದ ರಜೆ ಸೇರಿದೆಯೇ ಎಂಬುದನ್ನೇ ಮೊದಲು ನೋಡಬೇಕು.

ಅನಂತರ ಖರ್ಚಿನ 13 ದಿನಗಳನ್ನು ಹಾಜರಿಯ ಪಕ್ಕಕ್ಕಿಟ್ಟು ತಾರೀಖಿಗೆ ತಾರೀಖು ಹೊಂದಿಸಿದೆವು. ಇದು ಬೇಸರದ ಕೆಲಸ, ಆದರೆ ಅರ್ಧ ತಾಸಿನಲ್ಲಿ ಮುಗಿಯುತ್ತದೆ. 2025ರ ದಶಲಕ್ಷಣ ಪರ್ವಕ್ಕೆಂದು ಅವಳು ಸೆಪ್ಟೆಂಬರ್ 1ರಿಂದ 5ರವರೆಗೆ ಐದು ದಿನ ರಜೆ ಹಾಕಿದ್ದಳು. ಮೂರು ದಿನವಾದ ಮೇಲೆ, ಲೆಕ್ಕ ತಪಾಸಣೆಯವರು ಬಂದಿದ್ದಾರೆ ಎಂದು ಕಚೇರಿಯಿಂದ ಕರೆ ಬಂತು. 4 ಮತ್ತು 5ರಂದು ಉಪವಾಸದಲ್ಲಿಯೇ ಹೋಗಿ ಕೆಲಸ ಮಾಡಿದ್ದಳು. ಹಾಜರಿಯಲ್ಲಿ ಎರಡು ದಿನವೂ ಬಂದ ಹೊತ್ತು, ಹೋದ ಹೊತ್ತು ಸ್ಪಷ್ಟವಾಗಿದೆ. ಆದರೆ ರಜೆಯ ಅರ್ಜಿಯನ್ನು ಯಾರೂ ರದ್ದು ಮಾಡಿರಲಿಲ್ಲ. ಎರಡು ದಿನ ಹಾಗೆಯೇ ಖರ್ಚಾಗಿ ಹೋಗಿತ್ತು. ಇದು ಎರಡನೆಯ ತಪ್ಪು.

ತಾರೀಖುಗಳನ್ನು ನೋಡುತ್ತ ಹೋದಾಗ ಮೂರನೆಯದೊಂದು ಸಿಕ್ಕಿತು, ಮತ್ತು ಅದು ಬೇರೆ ತೆರನಾದದ್ದು. ನವೆಂಬರ್ 14ರಂದು ಅವಳ ಅಜ್ಜಿಯನ್ನು ಸೊಲ್ಲಾಪುರದ ಆಸ್ಪತ್ರೆಗೆ ಸೇರಿಸಿದ ದಿನ ಅವಳು ನಮ್ಮೊಂದಿಗೇ ಇದ್ದಳು. ಮೇಲಿನವರಿಗೆ ಫೋನಿನಲ್ಲಿ ಹೇಳಿದ್ದಳು. ಅವರು ಕರುಣೆಯಿಂದಲೋ ಮರೆವಿನಿಂದಲೋ ಹಾಜರಿಯಲ್ಲಿ ‘ಹೊರಗಿನ ಕೆಲಸ’ ಎಂದು ಬರೆಸಿದ್ದರು. ರಜೆಯ ಖಾತೆಯಲ್ಲಿ ಆ ದಿನ ಇರಲಿಲ್ಲ.

ಭಾವನವರು, “ಅದನ್ನ್ಯಾಕ ತಗೀತೀರಿ? ಅವರು ಇಷ್ಟು ಕಡಿದಾರ, ಒಂದ ದಿನ ನಮ್ಮ ಕಡೆ ಇರಲಿ” ಎಂದರು.

ನಾನು ಉತ್ತರ ಹೇಳಲಿಲ್ಲ. ಹುಡುಗಿಯೇ ಸ್ವಲ್ಪ ಹೊತ್ತು ಸುಮ್ಮನಿದ್ದು, “ಹಾಜರಿ ಹಾಳೀನ ನಾವು ಸಾಕ್ಷಿ ಅಂತ ಕೊಡತೇವಲ್ರಿ ಅಪ್ಪಾ. ಸೆಪ್ಟೆಂಬರಿಗೆ ಸಾಕ್ಷಿ, ನವೆಂಬರಿಗೆ ಅಲ್ಲ ಅಂದ್ರ ಹೆಂಗ?” ಎಂದಳು. ಅಲ್ಲಿಗೆ ಆ ಮಾತು ಮುಗಿಯಿತು.

ಖರ್ಚು ಹದಿಮೂರರಿಂದ ಎರಡು ಕಳೆದು, ಒಂದು ಕೂಡಿಸಿ 12 ಆಯಿತು. 2025ರ ಕೊನೆಗೆ ಬಾಕಿ 28, ಈ ವರ್ಷದ್ದು 3, ಒಟ್ಟು 31 ದಿನ. 45ರ ಮಿತಿಯೊಳಗೇ ಇದೆ.

ದಿನಗಳು ತೀರ್ಮಾನವಾದವು. ಇನ್ನು ದರ. ಕಂಪನಿ ಕೊಟ್ಟದ್ದು 27 ದಿನಕ್ಕೆ 23,400. ಹಿಮ್ಮುಖವಾಗಿ ಭಾಗಿಸಿದರೆ ದಿನಕ್ಕೆ 866 ರೂಪಾಯಿ 67 ಪೈಸೆ. ಅದನ್ನು 30ರಿಂದ ಗುಣಿಸಿ ನೋಡಿದರೆ 26,000. ಅಂದರೆ ಮೂಲ ವೇತನವನ್ನು 30ರಿಂದ ಭಾಗಿಸಿದ್ದಾರೆ ಎಂದು ಗೊತ್ತಾಯಿತು. ರಜೆಯ ನಿಯಮದಲ್ಲಿ ಏನಿತ್ತು? ಮೂಲ ವೇತನವನ್ನು 26ರಿಂದ ಭಾಗಿಸಿ ದಿನದ ದರ ಹಿಡಿಯಬೇಕು ಎಂದು ಬರೆದಿತ್ತು. ತಿಂಗಳಿಗೆ ನಾಲ್ಕು ವಾರದ ರಜೆ ತೆಗೆದರೆ ದುಡಿಯುವ ದಿನ 26 ಎಂಬುದು ಇದರ ಹಿಂದಿನ ಲೆಕ್ಕ. ಗ್ರಾಚ್ಯುಟಿಯಲ್ಲಿಯೂ ಇದೇ 26 ಬರುತ್ತದೆ. ಗಳಿಕೆ ರಜೆ ಹಾಕುವುದು ದುಡಿಯುವ ದಿನಕ್ಕೇ ಹೊರತು ಭಾನುವಾರಕ್ಕಲ್ಲ. ಆದ್ದರಿಂದ ಅದರ ಬೆಲೆಯೂ ದುಡಿಯುವ ದಿನದ ಬೆಲೆಯಾಗಿರಬೇಕು. 26,000ವನ್ನು 26ರಿಂದ ಭಾಗಿಸಿದರೆ ದಿನಕ್ಕೆ 1,000. 31 ದಿನಕ್ಕೆ 31,000 ರೂಪಾಯಿ. ಕಂಪನಿಯ ಲೆಕ್ಕಕ್ಕಿಂತ 7,600 ಹೆಚ್ಚು.

ಇಲ್ಲಿ ಒಂದು ಎಚ್ಚರಿಕೆ. ಎಲ್ಲ ಕಂಪನಿಗಳಲ್ಲಿಯೂ 26 ಇರುತ್ತದೆಂದು ತಿಳಿಯಬೇಡಿ. ಕಚೇರಿಗಳಲ್ಲಿ 30 ಎಂದು ಬರೆದಿಟ್ಟವರೂ ಇದ್ದಾರೆ. ಮೂಲ ವೇತನದ ಬದಲು ಪೂರ್ತಿ ಸಂಬಳದ ಮೇಲೆ ಕೊಡುವವರೂ ಇದ್ದಾರೆ. ನಿಮ್ಮ ಕಂಪನಿಯ ಕಾಗದದಲ್ಲಿ ಏನು ಬರೆದಿದೆಯೋ ಅದೇ ಮೊದಲ ಪ್ರಮಾಣ. ಕಾನೂನು ಯಾರಿಗೆ ಅನ್ವಯಿಸುತ್ತದೆಯೋ ಅವರಿಗೆ ಕಂಪನಿಯ ನಿಯಮ ಕಾನೂನಿಗಿಂತ ಹೆಚ್ಚು ಕೊಡಬಹುದು, ಕಡಿಮೆ ಕೊಡುವಂತಿಲ್ಲ. ಮಹಾರಾಷ್ಟ್ರದ ಅಂಗಡಿ ಮತ್ತು ಸಂಸ್ಥೆಗಳ 2017ರ ಕಾಯಿದೆಯಲ್ಲಿ, ವರ್ಷಕ್ಕೆ 240 ದಿನ ದುಡಿದವರಿಗೆ ದುಡಿದ ಪ್ರತಿ 20 ದಿನಕ್ಕೆ ಒಂದು ದಿನ ರಜೆ, ಕೂಡಿಡುವ ಮಿತಿ 45 ದಿನ. ಕಾರ್ಖಾನೆಯ ಕಾರ್ಮಿಕರಿಗೆ 2025ರ ನವೆಂಬರ್ 21ರಿಂದ ಜಾರಿಗೆ ಬಂದ ಹೊಸ ಸಂಹಿತೆಯಂತೆ ಪ್ರತಿ 20 ದಿನಕ್ಕೆ ಒಂದು ದಿನವೇ. ಆದರೆ ವರ್ಷದಲ್ಲಿ 180 ದಿನ ದುಡಿದರೆ ಸಾಕು. ಹಿಂದೆ 240 ಬೇಕಾಗಿತ್ತು. ಮುಂದಿನ ವರ್ಷಕ್ಕೆ ಒಯ್ಯುವ ಮಿತಿ 30 ದಿನ. ಅಂಗಡಿ, ಕಚೇರಿಗಳ ಕಾಯಿದೆ ರಾಜ್ಯಕ್ಕೊಂದು ಇರುವುದರಿಂದ ಹೊಸೂರಿನವರು ತಮಿಳುನಾಡಿನದನ್ನು, ಕಾಸರಗೋಡಿನವರು ಕೇರಳದ್ದನ್ನು ನೋಡಬೇಕು. ಮನೆ ಯಾವ ರಾಜ್ಯದಲ್ಲಿದೆ ಎಂಬುದು ಮುಖ್ಯವಲ್ಲ, ಕೆಲಸ ಮಾಡಿದ ಜಾಗ ಯಾವ ರಾಜ್ಯದಲ್ಲಿದೆ ಎಂಬುದು ಮುಖ್ಯ.

ಕೊನೆಗೆ ಎಲ್ಲಕ್ಕಿಂತ ದೊಡ್ಡ ಸಾಲು, ನೋಟಿಸಿನ ಬಾಕಿ.

ನೇಮಕಾತಿ ಪತ್ರದಂತೆ ಅವಳು 60 ದಿನ ಮುಂಚೆ ತಿಳಿಸಬೇಕಿತ್ತು. ಜನವರಿ 12ರಂದು ರಾಜೀನಾಮೆಯ ಈ-ಮೇಲ್ ಕಳಿಸಿದಳು. ಫೆಬ್ರುವರಿ 20ಕ್ಕೆ ತನ್ನ ಕೋರಿಕೆಯ ಮೇಲೆ ಬಿಡುಗಡೆ ಪಡೆದಳು. ಉಳಿದ ದಿನಕ್ಕೆ ಹಣ ಕಟ್ಟಿಕೊಡಬೇಕಾದದ್ದು ಸರಿಯೇ. ಎಷ್ಟು ದಿನ? ಜನವರಿ 13ರಿಂದ 31ರವರೆಗೆ 19, ಫೆಬ್ರುವರಿಯಲ್ಲಿ 20, ಒಟ್ಟು 39 ದಿನ ದುಡಿದಳು. ಬಾಕಿ 21. ಕಂಪನಿ ತೋರಿಸಿದ್ದು 25. ಈ ನಾಲ್ಕು ದಿನ ಎಲ್ಲಿಂದ ಬಂತು? ಮೇಲಿನವರು ಅವಳ ರಾಜೀನಾಮೆಯನ್ನು ಒಪ್ಪಿದ್ದು ಜನವರಿ 16ರಂದು. ಕಂಪ್ಯೂಟರು 17ರಿಂದ ಎಣಿಸಿದೆ. ನೇಮಕಾತಿ ಪತ್ರದಲ್ಲಿಯೋ, ರಾಜೀನಾಮೆ ‘ತಲುಪಿದ ಮರುದಿನದಿಂದ’ ಎಂದಿದೆ. ಒಪ್ಪಿದ ದಿನದಿಂದ ಎಂದಿಲ್ಲ. ಅವರು ಒಪ್ಪುವುದಕ್ಕೆ ತಡಮಾಡಿದ ನಾಲ್ಕು ದಿನದ ಹಣವನ್ನು ಇವಳಿಂದ ಕಡಿದಿದ್ದಾರೆ.

ದರ ನೋಡಿದೆವು. 35,000ವನ್ನು 25ರಿಂದ ಭಾಗಿಸಿದರೆ 1,400. ಅದು ಪೂರ್ತಿ ಸಂಬಳ 42,000ದ ಮೂವತ್ತನೆಯ ಒಂದು ಭಾಗ. ಹುಡುಗಿಗೆ ಇಲ್ಲಿ ಸಿಟ್ಟು ಬಂತು.

“ನೋಡ್ರಿ ಮಾಮಾ, ಕೊಡೂದು ಮೂಲ ವೇತನದ ಮ್ಯಾಲ, ಕಡಿಯೂದು ಪೂರಾ ಸಂಬಳದ ಮ್ಯಾಲ! ಇದು ಯಾವ ನ್ಯಾಯ?”

ನೇಮಕಾತಿ ಪತ್ರ ತೆಗೆದು ಅವಳಿಗೇ ಓದಲು ಹೇಳಿದೆ. ನೋಟಿಸಿನ ಬಾಕಿಯನ್ನು ‘ಪೂರ್ತಿ ತಿಂಗಳ ಸಂಬಳದ’ ಮೇಲೆ, 30 ದಿನದ ತಿಂಗಳಂತೆ ಹಿಡಿಯಬೇಕೆಂದು ಸ್ಪಷ್ಟವಾಗಿ ಅಚ್ಚಾಗಿತ್ತು. ಕೆಳಗೆ ಅವಳ ಸಹಿ. “ಅವತ್ತ ಓದಿರಲಿಲ್ರಿ” ಎಂದಳು.

ನಮ್ಮ ಶಾಸ್ತ್ರದಲ್ಲಿ ಅಚೌರ್ಯಾಣುವ್ರತದ ಐದು ಅತಿಚಾರಗಳಲ್ಲಿ ‘ಹೀನಾಧಿಕ ಮಾನೋನ್ಮಾನ’ ಎಂಬುದೊಂದು. ಕೊಡುವಾಗ ಸಣ್ಣ ಅಳತೆ, ತೆಗೆದುಕೊಳ್ಳುವಾಗ ದೊಡ್ಡ ಅಳತೆ ಬಳಸುವುದು. ಅಂಗಡಿಯವರಿಗೆ ಹೇಳಿದ ಈ ಮಾತು ಇಂದಿನ ಸಂಬಳದ ಚೀಟಿಗೂ ಸಲ್ಲುತ್ತದೆ ಎಂದು ನನಗೆ ಆ ದಿನ ಅನಿಸಿತು. ಆದರೆ ಎರಡು ಸಂಗತಿಗಳನ್ನು ಬೇರೆ ಬೇರೆ ಇಡಬೇಕು. ಬರೆದ ನಿಯಮ ಬಿಟ್ಟು 26ರ ಜಾಗದಲ್ಲಿ 30 ಹಿಡಿದದ್ದು ಅಳತೆಯ ತಪ್ಪು; ಅದನ್ನು ಕೇಳಬೇಕು. ಎರಡು ಅಳತೆ ಇರುತ್ತವೆ ಎಂದು ಮೊದಲೇ ಬರೆದು, ನಾವು ಒಪ್ಪಿ ಸಹಿ ಮಾಡಿದ್ದರೆ, ಅದು ಹಿಡಿಸದಿದ್ದರೂ ಆ ಚೀಟಿಯ ತಪ್ಪಲ್ಲ. ಅದನ್ನು ಕೇಳಬೇಕಾಗಿದ್ದದ್ದು ಸೇರುವ ದಿನ. ಆದ್ದರಿಂದ ದರ 1,400 ಇರಲಿ ಎಂದು ಬಿಟ್ಟು 21 ದಿನಕ್ಕೆ 29,400 ಹಿಡಿದೆವು. ಕಂಪನಿಯದಕ್ಕಿಂತ 5,600 ಕಡಿಮೆ.

ಇದೇ ಸಾಲಿನಲ್ಲಿ ಕೆಲವು ಕಂಪನಿಗಳು ಶೇಕಡಾ 18ರ ಜಿ.ಎಸ್.ಟಿ.ಯನ್ನೂ ಸೇರಿಸುತ್ತಿದ್ದವು. ನೋಟಿಸಿನ ಬಾಕಿಗೆ ಆ ತೆರಿಗೆ ಇಲ್ಲವೆಂದು ಕೇಂದ್ರ ತೆರಿಗೆ ಮಂಡಳಿ 2022ರ ಆಗಸ್ಟ್ 3ರ ಸುತ್ತೋಲೆಯಲ್ಲಿ ಸ್ಪಷ್ಟಪಡಿಸಿದೆ. ನಿಮ್ಮ ಚೀಟಿಯಲ್ಲಿ ಅದು ಕಂಡರೆ ಕೇಳಿ.

ಈಗ ನಮ್ಮ ಲೆಕ್ಕ: ಸಂಬಳ 30,000, ರಜೆಯ ಹಣ 31,000, ಒಟ್ಟು 61,000. ಕಡಿತ 29,400, 1,800, 300, ಒಟ್ಟು 31,500. ಕೈಗೆ ಬರಬೇಕಾದದ್ದು 29,500 ರೂಪಾಯಿ. ಕಂಪನಿ ಹೇಳಿದ 16,300ಕ್ಕೂ ಇದಕ್ಕೂ ವ್ಯತ್ಯಾಸ 13,200. ರಜೆಯಲ್ಲಿ 7,600, ನೋಟಿಸಿನಲ್ಲಿ 5,600, ಕೂಡಿಸಿದರೆ ಸರಿಹೋಗುತ್ತದೆ. ಹೀಗೆ ವ್ಯತ್ಯಾಸವನ್ನು ಸಾಲು ಸಾಲಾಗಿ ಕೂಡಿಸಿ ತಾಳೆ ನೋಡುವುದನ್ನು ಬಿಡಬಾರದು. ತಾಳೆಯಾಗದಿದ್ದರೆ ತಪ್ಪು ನಮ್ಮ ಕಡೆಯೇ ಎಲ್ಲೋ ಇದೆ ಎಂದರ್ಥ.

“ಹೋಗ್ಲಿ ಬಿಡ್ರಿ ಮಾಮಾ. ಜಗಳಾ ಮಾಡಿದ್ರ ಬಿಡುಗಡೆ ಪತ್ರ ತಡಾ ಮಾಡ್ತಾರೇನೋ. ಹೊಸಾ ಕಂಪನಿಯವರು ಕೇಳಾಕತ್ಯಾರ” ಎಂದಳು. ಈ ಅಂಜಿಕೆಯಿಂದಲೇ ನಮ್ಮ ಮಕ್ಕಳು ಸಹಿ ಮಾಡಿ ಕೊಡುವುದು. ಜಗಳ ಬೇಡ, ಪತ್ರ ಸಾಕು ಎಂದು ಹೇಳಿ ಇಬ್ಬರೂ ಕೂತು ಬರೆದೆವು. ಒಂದು ಪುಟವನ್ನೂ ಮೀರಲಿಲ್ಲ. ‘ಚೀಟಿ ತಲುಪಿದೆ. ನಾಲ್ಕು ಅಂಶಗಳನ್ನು ಪರಿಶೀಲಿಸಬೇಕೆಂದು ಕೋರುತ್ತೇನೆ’ ಎಂದು ಆರಂಭ. ಒಂದು, 2026ರ ಎರಡು ತಿಂಗಳ 3 ದಿನ ರಜೆ ಸೇರಿಲ್ಲ. ಎರಡು, ಸೆಪ್ಟೆಂಬರ್ 4 ಮತ್ತು 5ರಂದು ಹಾಜರಿದ್ದೇನೆ, ರಜೆ ಕಡಿತವಾಗಿದೆ. ನವೆಂಬರ್ 14ರಂದು ನಾನು ರಜೆಯಲ್ಲಿದ್ದೆ, ಅದು ಕಡಿತವಾಗಿಲ್ಲ, ಕಡಿತ ಮಾಡಿರಿ. ಮೂರು, ರಜೆ ನಿಯಮದಂತೆ ದರ 26ರ ಭಾಗದಲ್ಲಿರಬೇಕು. ನಾಲ್ಕು, ನೋಟಿಸ್ ಎಣಿಕೆ ಜನವರಿ 13ರಿಂದ ಆಗಬೇಕು. ಪ್ರತಿ ಅಂಶದ ಮುಂದೆ ಕಾಗದದ ಹೆಸರು ಮತ್ತು ಪುಟದ ಸಂಖ್ಯೆ. ಕೊನೆಗೆ 29,500ರ ಪಟ್ಟಿ. ‘ಮೋಸ’, ‘ಅನ್ಯಾಯ’ ಎಂಬ ಶಬ್ದ ಒಂದೂ ಇಲ್ಲ. ಸಹಿಯ ಹಾಳೆಯನ್ನು ಮಾತ್ರ, ‘ತಿದ್ದಿದ ಚೀಟಿ ಬಂದ ಮೇಲೆ ಸಹಿ ಮಾಡಿ ಕಳಿಸುವೆನು’ ಎಂದು ತಡೆಹಿಡಿದೆವು.

ನಾಲ್ಕು ದಿನಕ್ಕೆ ಉತ್ತರ ಬಂತು. ರಜೆಯ ಮೂರು ಅಂಶಗಳನ್ನು ಒಪ್ಪಿದ್ದರು. ನೋಟಿಸ್ ಎಣಿಕೆ ಮಾತ್ರ ‘ನಮ್ಮ ರೂಢಿ’ ಎಂದಿದ್ದರು. ಹುಡುಗಿ ನೇಮಕಾತಿ ಪತ್ರದ ಆ ಒಂದು ವಾಕ್ಯವನ್ನೂ ಜನವರಿ 12ರ ಈ-ಮೇಲನ್ನೂ ಮತ್ತೊಮ್ಮೆ ಕಳಿಸಿ, ರೂಢಿ ಎಲ್ಲಿ ಬರೆದಿದೆ ತಿಳಿಸಿರಿ ಎಂದಷ್ಟೇ ಕೇಳಿದಳು. ಮತ್ತೊಂದು ವಾರಕ್ಕೆ 29,500 ರೂಪಾಯಿ ಅವಳ ಖಾತೆಗೆ ಬಂತು. ಬಿಡುಗಡೆ ಪತ್ರವೂ ಬಂತು. ಅಲ್ಲಿನ ಸಂಬಳ ವಿಭಾಗದವರೊಬ್ಬರು ಫೋನು ಮಾಡಿ, “ನವೆಂಬರ್ ರಜೆ ನೀವೇ ಬರೆದದ್ದರಿಂದ ಉಳಿದದ್ದನ್ನು ನಾವು ಬಹಳ ಹುಡುಕಲಿಲ್ಲ” ಎಂದರಂತೆ. ಎಲ್ಲ ಕಡೆ ಹೀಗೆಯೇ ಆಗುತ್ತದೆಂದು ನಾನು ಹೇಳಲಾರೆ.

ಕಂಪನಿ ಕೇಳದಿದ್ದರೆ ದಾರಿ ಇದೆ. 2025ರ ನವೆಂಬರ್ 21ರಿಂದ ಜಾರಿಯಲ್ಲಿರುವ ವೇತನ ಸಂಹಿತೆಯಂತೆ ರಾಜೀನಾಮೆ ಕೊಟ್ಟವರ ವೇತನವನ್ನು ಎರಡು ಕೆಲಸದ ದಿನಗಳೊಳಗೆ ಕೊಡಬೇಕು. ಇವಳದು ತಿಂಗಳಿಗೂ ಮಿಕ್ಕಿ ತಡವಾಗಿತ್ತು. ಕಾರ್ಮಿಕ ಇಲಾಖೆಯ ಕಚೇರಿಗೆ ಅರ್ಜಿ ಕೊಡಬಹುದು. ವೇತನದ ಬಾಕಿಯ ಹಕ್ಕು ಕೇಳಲು ಮೂರು ವರ್ಷದ ಅವಧಿ ಇದೆ. ಅಲ್ಲಿಯೂ ಕೇಳುವುದು ಇದೇ ನಾಲ್ಕು ಕಾಗದಗಳನ್ನು.

ಆದಾಯ ತೆರಿಗೆಯ ಬಗ್ಗೆ ಒಂದು ಮಾತು. ಖಾಸಗಿ ನೌಕರರು ಕೆಲಸ ಬಿಟ್ಟಾಗ ಪಡೆಯುವ ರಜೆಯ ಹಣಕ್ಕೆ ಜೀವಮಾನದಲ್ಲಿ ಒಟ್ಟು 25 ಲಕ್ಷ ರೂಪಾಯಿಯವರೆಗೆ ವಿನಾಯಿತಿ ಇದೆ. ಅದಕ್ಕೆ ಇನ್ನೂ ಕೆಲವು ಮಿತಿಗಳುಂಟು. ಅವುಗಳಲ್ಲಿ ಯಾವುದು ಕಡಿಮೆಯೋ ಅಷ್ಟಕ್ಕೆ ವಿನಾಯಿತಿ. ಈ ಮಿತಿ 2023ರ ಏಪ್ರಿಲ್ 1ರಿಂದ 3 ಲಕ್ಷದಿಂದ 25 ಲಕ್ಷಕ್ಕೆ ಏರಿತು. ರಾಜೀನಾಮೆಗೂ ಇದು ಸಲ್ಲುತ್ತದೆ. ಕೆಲಸದಲ್ಲಿದ್ದಾಗಲೇ ರಜೆ ಮಾರಿ ಪಡೆದ ಹಣಕ್ಕೆ ಮಾತ್ರ ಪೂರ್ತಿ ತೆರಿಗೆ. ಸಂಬಳ ದೊಡ್ಡದಿರುವವರು ತಮ್ಮ ಚೀಟಿಯಲ್ಲಿ ರಜೆಯ ಹಣದ ಮೇಲೆ ತೆರಿಗೆ ಕಡಿದಿದ್ದಾರೆಯೇ ನೋಡಿಕೊಳ್ಳಬೇಕು. ಇವಳ ಸಂಬಳಕ್ಕೆ ಆ ಪ್ರಶ್ನೆಯೇ ಬರಲಿಲ್ಲ.

ಹುಡುಗಿ ಹೊಸ ಕಂಪನಿಯ ನೇಮಕಾತಿ ಪತ್ರವನ್ನು ನನಗೆ ಕಳಿಸಿದ್ದಾಳೆ. ನೋಟಿಸಿನ ಕಲಮಿನ ಕೆಳಗೆ ಪೆನ್ಸಿಲಿನಿಂದ ಗೆರೆ ಎಳೆದು, ‘ಇದು ಮೂಲ ವೇತನದ ಮೇಲೋ, ಪೂರ್ತಿ ಸಂಬಳದ ಮೇಲೋ? ಎಣಿಕೆ ಯಾವ ದಿನದಿಂದ?’ ಎಂದು ಬರೆದಿದ್ದಾಳೆ. ಅವರನ್ನು ಕೇಳಿದ್ದಾಳಂತೆ. ಉತ್ತರ ಇನ್ನೂ ಬರಬೇಕಿದೆ.

ಬರುವ ತಿಂಗಳು: ಕಂಪನಿ ಬದಲಾದಾಗ ಭವಿಷ್ಯ ನಿಧಿಯ ಖಾತೆಯನ್ನು ಹೊಸ ಕಡೆಗೆ ಒಯ್ಯುವ ಬಗೆ.